ಅತಿಥಿ ತಂಡಕ್ಕೆ ನಾಲ್ಕು ದಿನದ ವೈಫೈ: ಮ್ಯಾನೇಜರ್‌ಗೆ ಪತ್ರ ಬರೆಯುವುದು ಹೇಗೆ?

ಎರಡು ವರ್ಷಗಳ ಹಿಂದೆ ನಮ್ಮ ಕೊಯಮತ್ತೂರಿನ ಸಹೋದ್ಯೋಗಿಗಳು ಐದು ಜನ ಬೆಂಗಳೂರಿಗೆ ಬಂದಿದ್ದರು. ಆಗ ನಮ್ಮ ಕೆಲಸ ಎಚ್‌ಎಸ್‌ಆರ್ ಬಡಾವಣೆಯ ಒಂದು ಕೋ-ವರ್ಕಿಂಗ್ ಜಾಗದಲ್ಲಿ ನಡೆಯುತ್ತಿತ್ತು. ಹಿಂದಿನ ದಿನ ಸಂಜೆ ನಾನು ಅಲ್ಲಿನ ಮ್ಯಾನೇಜರ್‌ಗೆ ‘ನಾಳೆ ಐದು ಜನ ಬರುತ್ತಿದ್ದಾರೆ, ವೈಫೈ ಬೇಕು’ ಎಂದು ಒಂದು ಸಾಲು ಕಳುಹಿಸಿದೆ. ‘ಆಗಲಿ’ ಎಂಬ ಉತ್ತರವೂ ಬಂತು. ಬೆಳಿಗ್ಗೆ ಸ್ವಾಗತ ಕೌಂಟರ್‌ನಲ್ಲಿ ಐದು ಚೀಟಿಗಳು ಸಿದ್ಧವಾಗಿದ್ದವು. ಒಂದೊಂದರ ಮೇಲೂ ಒಂದೊಂದು ಕೋಡ್. ಎಲ್ಲರೂ ಮೊದಲು ಮೊಬೈಲ್‌ಗೆ ಕೋಡ್ ಹಾಕಿಕೊಂಡರು. ಲ್ಯಾಪ್‌ಟಾಪ್ ತೆರೆದಾಗಲೇ ತಿಳಿದದ್ದು, ಒಂದು ಕೋಡ್ ಒಂದೇ ಸಾಧನಕ್ಕೆ, ಅದೂ ಎರಡು ಗಂಟೆಯ ಅವಧಿಗೆ. ಹೊಸ ಚೀಟಿಗಳು ಬಂದ ಮೇಲೆ, ಕಚೇರಿಯ ಜಾಲಕ್ಕೆ ಹೊರಗಿನಿಂದ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಕೂಡಿಕೊಳ್ಳಲಿಲ್ಲ. ಊಟದ ಹೊತ್ತಿಗೂ ಆ ಐವರು ಮೊಬೈಲ್ ಹಾಟ್‌ಸ್ಪಾಟ್ ಹಿಡಿದುಕೊಂಡು ಕಿಟಕಿಯ ಪಕ್ಕ ಕುಳಿತಿದ್ದರು. ಮ್ಯಾನೇಜರ್ ತಪ್ಪು ಮಾಡಿರಲಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಅಂದು ನನಗೆ ಗೊತ್ತಿಲ್ಲದಿದ್ದ ಸಂಗತಿ ಒಂದಿತ್ತು. ಇಂಥ ಪತ್ರವನ್ನು ಇಬ್ಬರು ಓದುತ್ತಾರೆ. ಮ್ಯಾನೇಜರ್ ಒಪ್ಪಿಗೆ ಕೊಡುವವರು. ರೂಟರ್‌ನಲ್ಲಿ ಬದಲಾವಣೆ ಮಾಡುವವರು ಸಾಮಾನ್ಯವಾಗಿ ಬೇರೆ ಕಡೆ ಕುಳಿತ ನೆಟ್‌ವರ್ಕ್ ಗುತ್ತಿಗೆದಾರರ ಕಡೆಯವರು. ಮ್ಯಾನೇಜರ್ ನಿಮ್ಮ ಪತ್ರವನ್ನು ಅವರಿಗೆ ದಾಟಿಸುತ್ತಾರೆ. ಅದರಲ್ಲಿ ಇಲ್ಲದ ಪ್ರತಿ ವಿವರಕ್ಕೂ ಒಂದು ಪ್ರಶ್ನೆ ಹಿಂದಕ್ಕೆ ಬರುತ್ತದೆ, ಅದಕ್ಕೆ ಅರ್ಧ ದಿನ ಹೋಗುತ್ತದೆ. ಆದ್ದರಿಂದ ಒಂದಕ್ಷರ ಬದಲಿಸದೆ ಮುಂದಕ್ಕೆ ಕಳುಹಿಸಬಹುದಾದಂತೆ ಪತ್ರ ಬರೆಯಬೇಕು. ಅದನ್ನು ಒಂದು ಉದಾಹರಣೆಯ ಮೂಲಕವೇ ನೋಡೋಣ. ಏಳು ಜನರ ತಂಡ ಸೋಮವಾರದಿಂದ ಗುರುವಾರದವರೆಗೆ ಬರುತ್ತಿದೆ. ಐವರು ಕೊಯಮತ್ತೂರಿನವರು, ಇಬ್ಬರು ಸಿಂಗಪುರದವರು. ಅವರ ಜೊತೆ ಪರೀಕ್ಷೆಗೆಂದು ಒಂದು ಬಿಲ್ ಪ್ರಿಂಟರ್ ಕೂಡ ಬರುತ್ತಿದೆ.

ಮೊದಲು ತಲೆ ಎಣಿಸಬೇಡಿ, ಸಾಧನ ಎಣಿಸಿ

ಏಳು ಜನ ಎಂದರೆ ಏಳು ಲ್ಯಾಪ್‌ಟಾಪ್, ಏಳು ಮೊಬೈಲ್, ಒಂದು ಪ್ರಿಂಟರ್. ಒಟ್ಟು ಹದಿನೈದು. ಕೋಡ್ ಕೊಡುವ ವ್ಯವಸ್ಥೆಯಲ್ಲಿ ‘ಒಂದು ಕೋಡ್‌ಗೆ ಎಷ್ಟು ಸಾಧನ’ ಎಂದು ನಮೂದಿಸುವ ಜಾಗ ಸಾಮಾನ್ಯವಾಗಿ ಇರುತ್ತದೆ. ನೀವು ಹೇಳದಿದ್ದರೆ ಅಲ್ಲಿ ಒಂದು ಎಂದೇ ಉಳಿದುಬಿಡಬಹುದು. ‘ಒಬ್ಬರಿಗೆ ಎರಡು ಸಾಧನ’ ಎಂದು ಬರೆದರೆ ಆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಪ್ರಿಂಟರ್‌ನ ಕಥೆ ಬೇರೆ. ಕೋಡ್ ಹಾಕಲು ಬ್ರೌಸರ್ ಬೇಕು, ಪ್ರಿಂಟರ್‌ನಲ್ಲಿ ಅದಿಲ್ಲ. ಅಂಥ ಸಾಧನವನ್ನು ಅದರ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸದಿಂದ ಗುರುತಿಸಿ ನೇರವಾಗಿ ಒಳಬಿಡಬೇಕಾಗುತ್ತದೆ. ಈ ವಿಳಾಸ ಸಾಮಾನ್ಯವಾಗಿ ಯಂತ್ರದ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕೆಲವು ಯಂತ್ರಗಳಲ್ಲಿ ಎರಡು ವಿಳಾಸಗಳಿರುತ್ತವೆ, ಒಂದು ತಂತಿಯ ಜೋಡಣೆಗೆ, ಇನ್ನೊಂದು ವೈಫೈಗೆ. ವೈಫೈನದ್ದನ್ನೇ ಕೊಡಿ.

ಮೊಬೈಲ್‌ಗಳಿಗೂ ಹೀಗೇ ಮಾಡಬಹುದಲ್ಲ ಎಂದು ಅನಿಸಬಹುದು. ಬೇಡ. ಇತ್ತೀಚಿನ ಐಫೋನ್ ಮತ್ತು ಆಂಡ್ರಾಯ್ಡ್ ಫೋನ್‌ಗಳು ಪ್ರತಿ ನೆಟ್‌ವರ್ಕ್‌ಗೂ ಒಂದೊಂದು ತಾತ್ಕಾಲಿಕ ಮ್ಯಾಕ್ ವಿಳಾಸ ತೋರಿಸುತ್ತವೆ. ಕೊಯಮತ್ತೂರಿನಲ್ಲಿ ಬರೆದುಕೊಂಡ ವಿಳಾಸವೇ ಬೆಂಗಳೂರಿನಲ್ಲಿಯೂ ಇರುತ್ತದೆ ಎಂದು ನಂಬುವಂತಿಲ್ಲ. ಗುರುತಿಸುವುದು ಸುಲಭ: ವಿಳಾಸದ ಎರಡನೇ ಅಕ್ಷರ 2, 6, A, E ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ. `3A:` ಎಂದು ಆರಂಭವಾಗುವ ವಿಳಾಸವನ್ನು ಯಾರಾದರೂ ಕಳುಹಿಸಿದರೆ ಅದನ್ನು ಪತ್ರದಲ್ಲಿ ಸೇರಿಸಬೇಡಿ.

ಹೆಸರು ಮತ್ತು ಫೋನ್ ಸಂಖ್ಯೆ

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟುಬಿಡಿ ಎಂದು ಕೇಳಬೇಡಿ. ಯಾವ ಹೊತ್ತಿನಲ್ಲಿ ಯಾರು ಇಂಟರ್ನೆಟ್ ಬಳಸಿದರು ಎಂಬುದನ್ನು ಜಾಗದವರು ಹೇಳಬಲ್ಲವರಾಗಿರಬೇಕು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಬಳಕೆಯ ದಾಖಲೆಗಳನ್ನು, 180 ದಿನಗಳ ಕಾಲ ಉಳಿಸಿಕೊಳ್ಳಬೇಕು. ಹಾಗಾಗಿ ಪ್ರತಿಯೊಬ್ಬರ ಹೆಸರು, ಮೊಬೈಲ್ ಸಂಖ್ಯೆ ಕೇಳುವುದು ಕಿರುಕುಳವಲ್ಲ.

ಇಲ್ಲಿ ಎಡವುವುದು ಹೊರದೇಶದ ಅತಿಥಿಗಳು. ಒಟಿಪಿ ಬಂದರೆ ಮಾತ್ರ ಒಳಬಿಡುವ ಪುಟಗಳು ಹಲವೆಡೆ +91 ಬಿಟ್ಟು ಬೇರೆ ಸಂಖ್ಯೆಯನ್ನು ಸ್ವೀಕರಿಸುವುದೇ ಇಲ್ಲ. ಸ್ವೀಕರಿಸಿದರೂ ರೋಮಿಂಗ್‌ನಲ್ಲಿರುವ ಫೋನಿಗೆ ಸಂದೇಶ ತಲುಪದೇ ಹೋಗಬಹುದು. ನನ್ನ ಸಂಖ್ಯೆಗೆ ಒಟಿಪಿ ತರಿಸಿ ಅವರಿಗೆ ಹೇಳಿದರಾಯಿತು ಎಂಬ ದಾರಿ ಹಿಡಿಯಬೇಡಿ. ಲಾಗ್‌ನಲ್ಲಿ ಅವರು ಮಾಡಿದ್ದೆಲ್ಲ ನಿಮ್ಮ ಹೆಸರಿಗೆ ಬರುತ್ತದೆ. ಆ ಇಬ್ಬರಿಗೆ ಪಾಸ್‌ಪೋರ್ಟ್ ನೋಡಿ ಕೋಡ್ ಕೊಡಲು ಸಾಧ್ಯವೇ ಎಂದು ಪತ್ರದಲ್ಲಿಯೇ ಕೇಳಿ.

ಪ್ರಿಂಟರ್ ಕಾಣದಿರುವುದು, ವಿಪಿಎನ್ ಕೂಡದಿರುವುದು

ಅತಿಥಿಗಳಿಗೆ ಕೊಡುವ ನೆಟ್‌ವರ್ಕ್‌ನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಹಾಕಿರುತ್ತಾರೆ. ಅಪರಿಚಿತರ ನಡುವೆ ಅದು ಬೇಕಾದದ್ದೇ. ಆದರೆ ನಮ್ಮ ಪ್ರಿಂಟರ್ ಒಳಬಂದರೂ ಲ್ಯಾಪ್‌ಟಾಪ್‌ಗೆ ಅದು ಸಿಗುವುದಿಲ್ಲ. ಎರಡರಲ್ಲೂ ಇಂಟರ್ನೆಟ್ ಚೆನ್ನಾಗಿರುವುದರಿಂದ ಎಲ್ಲರೂ ಪ್ರಿಂಟರ್ ಕೆಟ್ಟಿದೆ ಎಂದುಕೊಂಡು ಅದನ್ನೇ ಬಿಚ್ಚಿ ನೋಡುತ್ತಾರೆ. ಪ್ರಿಂಟರ್‌ನ ಮಾಹಿತಿ ಪುಟವನ್ನು ಮುದ್ರಿಸಿ, ಅದರಲ್ಲಿರುವ, ರೂಟರ್ ಕೊಟ್ಟ ಐಪಿ ವಿಳಾಸವನ್ನು ಲ್ಯಾಪ್‌ಟಾಪ್‌ನಿಂದ ಹೀಗೆ ಕರೆದು ನೋಡಿ:

```
ping 192.168.40.25
```

ಉತ್ತರ ಬರದಿದ್ದರೆ ಮೊದಲು ಈ ತಡೆಯನ್ನೇ ಶಂಕಿಸಿ. ನಿಮ್ಮ ಕ್ಯಾಬಿನ್‌ಗೆ ಮಾತ್ರ ಬೇರೆ ಹೆಸರಿನ ವೈಫೈ ಕೊಟ್ಟು, ಅದರೊಳಗೆ ತಡೆ ತೆಗೆಯುವುದು ಇದಕ್ಕೆ ಪರಿಹಾರ. ನೆಟ್‌ವರ್ಕ್‌ನವರು ಇದನ್ನು ಪ್ರತ್ಯೇಕ ವಿಎಲ್‌ಎಎನ್ ಎನ್ನುತ್ತಾರೆ. ಅದೇ ಪದವನ್ನು ಪತ್ರದಲ್ಲಿ ಬಳಸಿ, ಎರಡನೇ ಓದುಗರಿಗೆ ಕೂಡಲೇ ಅರ್ಥವಾಗುತ್ತದೆ.

ವಿಪಿಎನ್ ವಿಷಯದಲ್ಲಿಯೂ ಹೀಗೇ ಆಗುತ್ತದೆ. ಕೆಲವು ಅತಿಥಿ ನೆಟ್‌ವರ್ಕ್‌ಗಳು ಜಾಲತಾಣ ನೋಡಲು ಬೇಕಾದ 80 ಮತ್ತು 443 ಪೋರ್ಟ್‌ಗಳನ್ನಷ್ಟೇ, ಅಂದರೆ ಆ ಸಂಖ್ಯೆಯ ಬಾಗಿಲುಗಳನ್ನಷ್ಟೇ, ತೆರೆದಿಡುತ್ತವೆ. ಐಪಿಸೆಕ್ ಬಗೆಯ ವಿಪಿಎನ್‌ಗೆ ಯುಡಿಪಿ 500 ಮತ್ತು 4500 ಬೇಕು. ನಿಮ್ಮದು ಯಾವ ಬಗೆ ಎಂದು ನಿಮ್ಮ ಕಚೇರಿಯ ತಾಂತ್ರಿಕ ಸಿಬ್ಬಂದಿಯನ್ನು ಕೇಳಿ, ಪೋರ್ಟ್ ಸಂಖ್ಯೆಯನ್ನೇ ಬರೆಯಿರಿ. ‘ವಿಪಿಎನ್ ನಡೆಯಬೇಕು’ ಎಂದಷ್ಟೇ ಬರೆದರೆ ಏನು ತೆರೆಯಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಗ್ರಾಹಕರ ಸರ್ವರ್ ಗೊತ್ತಿರುವ ಐಪಿ ವಿಳಾಸಕ್ಕೆ ಮಾತ್ರ ತೆರೆಯುತ್ತದೆ, ಆದ್ದರಿಂದ ಈ ಜಾಗದ ವಿಳಾಸವನ್ನೇ ಅಲ್ಲಿ ಸೇರಿಸಿಬಿಡೋಣ ಎಂಬ ಸಲಹೆಯೂ ಬರುತ್ತದೆ. ನಾನು ಅದಕ್ಕೆ ಒಪ್ಪುವುದಿಲ್ಲ. ಹೊರಗಿನಿಂದ ನೋಡಿದರೆ ಆ ಕಟ್ಟಡದ ಎಲ್ಲ ಬಾಡಿಗೆದಾರರೂ ಅದೇ ಒಂದು ವಿಳಾಸದಿಂದ ಬರುತ್ತಿರಬಹುದು. ನಿಮಗೆ ತೆರೆದ ಬಾಗಿಲು ಪಕ್ಕದ ಮೇಜಿನವರಿಗೂ ತೆರೆದಂತೆ. ಮೇಲಾಗಿ ಒಂದು ಲೈನ್ ಬಿದ್ದು ಎರಡನೆಯದಕ್ಕೆ ಹೋದಾಗ ವಿಳಾಸವೇ ಬದಲಾಗುತ್ತದೆ. ನಿಮ್ಮ ಸಂಸ್ಥೆಯ ವಿಪಿಎನ್ ಮೂಲಕವೇ ಹೋಗುವುದು ಲೇಸು.

ಈಗ ಪತ್ರ

ಇದನ್ನು ಮೂರು ಕೆಲಸದ ದಿನ ಮೊದಲೇ ಕಳುಹಿಸಿ. ತಂಡ ಸೋಮವಾರ ಬರುವುದಾದರೆ ಹಿಂದಿನ ಬುಧವಾರ ಬೆಳಿಗ್ಗೆಯೇ ತಲುಪಲಿ. ವಾಟ್ಸ್‌ಆ್ಯಪ್‌ಗಿಂತ ಇಮೇಲ್ ಮೇಲು, ಏಕೆಂದರೆ ಅದು ಇಡಿಯಾಗಿ ಮುಂದಕ್ಕೆ ಹೋಗುತ್ತದೆ.

> ವಿಷಯ: ಕ್ಯಾಬಿನ್ 304, ಏಳು ಅತಿಥಿಗಳಿಗೆ ತಾತ್ಕಾಲಿಕ ವೈಫೈ, ನವೆಂಬರ್ 10ರಿಂದ 13
>
> ನಮಸ್ಕಾರ ಮೇಡಂ,
>
> ನಮ್ಮ ಸಂಸ್ಥೆಯ ಏಳು ಜನ ನವೆಂಬರ್ 10, ಸೋಮವಾರ ಬೆಳಿಗ್ಗೆ 9ರಿಂದ 13, ಗುರುವಾರ ಸಂಜೆ 7ರವರೆಗೆ ನಮ್ಮ ಕ್ಯಾಬಿನ್‌ನಲ್ಲಿ ಕೆಲಸ ಮಾಡಲಿದ್ದಾರೆ. ಅವರಿಗೆ ಈ ಅವಧಿಗೆ ಮಾತ್ರ ವೈಫೈ ಬೇಕಾಗಿದೆ. ಗುರುವಾರ 7ಕ್ಕೆ ತಾನಾಗಿಯೇ ನಿಲ್ಲುವಂತೆ ಮಾಡಿದರೆ ಒಳ್ಳೆಯದು.
>
> ಒಬ್ಬರಿಗೆ ಎರಡು ಸಾಧನ, ಜೊತೆಗೆ ಒಂದು ಬಿಲ್ ಪ್ರಿಂಟರ್, ಒಟ್ಟು 15. ಪ್ರಿಂಟರ್‌ನ ವೈಫೈ ಮ್ಯಾಕ್ ವಿಳಾಸದ ಚಿತ್ರ ಲಗತ್ತಿಸಿದ್ದೇನೆ. ಲ್ಯಾಪ್‌ಟಾಪ್‌ಗಳಿಂದ ಪ್ರಿಂಟರ್ ಕಾಣಬೇಕಾಗಿರುವುದರಿಂದ ನಮ್ಮ ಕ್ಯಾಬಿನ್‌ಗೆ ಪ್ರತ್ಯೇಕ ವಿಎಲ್‌ಎಎನ್ ಸಾಧ್ಯವೇ ಎಂದು ದಯವಿಟ್ಟು ವಿಚಾರಿಸಿ. ನಮ್ಮ ವಿಪಿಎನ್‌ಗೆ ಹೊರಹೋಗುವ ಯುಡಿಪಿ 500 ಮತ್ತು 4500 ತೆರೆದಿರಬೇಕು.
>
> ಹೆಸರು, ಫೋನ್ ಸಂಖ್ಯೆಗಳ ಪಟ್ಟಿ ಲಗತ್ತಾಗಿದೆ. ಇಬ್ಬರ ಬಳಿ ಭಾರತದ ಸಂಖ್ಯೆ ಇಲ್ಲ. ಪಾಸ್‌ಪೋರ್ಟ್ ತೋರಿಸಿದರೆ ಅವರಿಗೆ ಕೋಡ್ ಸಿಗಬಹುದೇ?
>
> ಶುಕ್ರವಾರ ಸಂಜೆ ನಾನೇ ಪರೀಕ್ಷಿಸಲು ಒಂದು ಕೋಡ್ ಬೇಕು. ಹೆಚ್ಚುವರಿ ಶುಲ್ಕವಿದ್ದರೆ ತಿಳಿಸಿ, ನಮ್ಮ ತಿಂಗಳ ಬಿಲ್ಲಿಗೆ ಸೇರಿಸಬಹುದು. ಈ ಪತ್ರವನ್ನು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೀಗೆಯೇ ಕಳುಹಿಸಬಹುದು. ಅವರು ನೇರವಾಗಿ ನನಗೆ ಕರೆ ಮಾಡಿದರೂ ಸರಿ.

ಇಂಟರ್ನೆಟ್ ವೇಗದ ಬಗ್ಗೆ ಇದರಲ್ಲಿ ಏನೂ ಇಲ್ಲ ಎಂದು ನಿಮಗೆ ತೋರಬಹುದು. ಗುಂಪಿನ ವಿಡಿಯೊ ಕರೆಗೆ ಒಬ್ಬರಿಗೆ ಸುಮಾರು 3ರಿಂದ 4 ಎಂಬಿಪಿಎಸ್ ಸಾಕು. ಏಳೂ ಜನ ಒಟ್ಟಿಗೆ ಕರೆಯಲ್ಲಿದ್ದರೂ 30ರ ಒಳಗೇ ಮುಗಿಯುತ್ತದೆ. ದೊಡ್ಡ ಕಡತಗಳನ್ನು ದಿನವಿಡೀ ಕಳುಹಿಸುವ ತಂಡವಾದರೆ ಮಾತ್ರ ಒಂದು ಸಾಲು ಸೇರಿಸಿ.

ಶುಕ್ರವಾರದ ಪರೀಕ್ಷೆ

ಕೋಡ್ ಸಿಕ್ಕ ಕೂಡಲೇ ವಿಪಿಎನ್ ಆಫ್ ಮಾಡಿ, ವೈಫೈಗೆ ಸೇರಿಕೊಳ್ಳಿ. ಯಂತ್ರ ಆರಂಭವಾಗುತ್ತಲೇ ವಿಪಿಎನ್ ತಾನಾಗಿ ಚಾಲೂ ಆಗುವ ಲ್ಯಾಪ್‌ಟಾಪ್‌ಗಳಲ್ಲಿ ಕೋಡ್ ಕೇಳುವ ಪುಟ ತೆರೆಯದೇ ಹೋಗುವುದು ಸಾಮಾನ್ಯ. ವಿಪಿಎನ್ ಆಫ್ ಮಾಡಿದರೂ ಪುಟ ಬಾರದಿದ್ದರೆ ಬ್ರೌಸರ್‌ನಲ್ಲಿ `http://neverssl.com` ಎಂದು ಬರೆಯಿರಿ. ಸುರಕ್ಷಿತ ತಾಣಗಳ ಬದಲು ಕೋಡ್ ಪುಟವನ್ನು ತೋರಿಸಲು ರೂಟರ್‌ಗೆ ಆಗುವುದಿಲ್ಲ. ಇದು ಬೇಕೆಂದೇ ಸುರಕ್ಷತಾ ಹೊದಿಕೆ ಇಲ್ಲದ ತಾಣ, ಆದ್ದರಿಂದ ಇದರ ಜಾಗದಲ್ಲಿ ಆ ಪುಟ ಬರುತ್ತದೆ.

ಕೋಡ್ ಕೆಲಸ ಮಾಡಿದ ಮೇಲೆ ವಿಪಿಎನ್ ಹಾಕಿ, ನಿಮಗೆ ಬೇಕಾದ ಸರ್ವರ್ ತೆರೆಯುತ್ತದೆಯೇ ನೋಡಿ. ಪ್ರಿಂಟರ್ ತಂಡದ ಜೊತೆಯೇ ಬರುವುದರಿಂದ, ತಡೆ ಹೋಗಿದೆಯೇ ಎಂದು ತಿಳಿಯಲು ಅದರ ಬದಲು ನಿಮ್ಮ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಏನಾದರೂ ಹಂಚಿ ನೋಡಿ.

ಸೋಮವಾರ ಬೆಳಿಗ್ಗೆ ಒಬ್ಬಿಬ್ಬರಿಗೆ ಮಾತ್ರ ಏನೂ ಸಿಗದಿದ್ದರೆ ಅವರ ಐಪಿ ವಿಳಾಸ ನೋಡಿ. ಅದು `169.254` ಎಂದು ಆರಂಭವಾಗಿದ್ದರೆ ರೂಟರ್ ಅವರಿಗೆ ವಿಳಾಸವನ್ನೇ ಕೊಟ್ಟಿಲ್ಲ. ಜನ ಕಿಕ್ಕಿರಿದ ದಿನ ಹಂಚಬೇಕಾದ ವಿಳಾಸಗಳೇ ಖಾಲಿಯಾಗಿರುವುದು ಇದಕ್ಕೆ ಒಂದು ಕಾರಣ. ಆಗ ಕೋಡ್ ಬದಲಿಸಿ ಫಲವಿಲ್ಲ. ‘ವಿಳಾಸ ಸಿಗುತ್ತಿಲ್ಲ, 169.254 ತೋರಿಸುತ್ತಿದೆ’ ಎಂದು ಮ್ಯಾನೇಜರ್‌ಗೆ ಒಂದು ಸಾಲು ಕಳುಹಿಸಿ. ‘ನೆಟ್ ಬರುತ್ತಿಲ್ಲ’ ಎನ್ನುವುದಕ್ಕಿಂತ ಇದು ಬೇಗ ಸರಿಹೋಗುತ್ತದೆ.

ಗುರುವಾರ ಸಂಜೆ ಕೋಡ್‌ಗಳು ತಾವಾಗಿಯೇ ಸಾಯುತ್ತವೆ. ಪ್ರಿಂಟರ್‌ನ ಮ್ಯಾಕ್ ವಿಳಾಸ ಮಾತ್ರ ಪಟ್ಟಿಯಲ್ಲಿ ಉಳಿದುಕೊಳ್ಳಬಹುದು. ಅತಿಥಿಗಳನ್ನು ಕ್ಯಾಬ್ ಹತ್ತಿಸಿ ಬಂದ ಮೇಲೆ, ಅದನ್ನು ತೆಗೆದುಹಾಕಿ ಎಂದು ಅದೇ ಇಮೇಲ್‌ಗೆ ಉತ್ತರವಾಗಿ ಬರೆಯಿರಿ.