ಇಪ್ಪತ್ತು ಜನರ ಬಿಸು ಊಟ: ಎಲೆಯಿಂದ ಹಿಂದಕ್ಕೆ ಹಾಕಿದ ಲೆಕ್ಕ

ಈ ಸಲ ಬಿಸುವಿಗೆ, ಅಂದರೆ ತುಳುನಾಡಿನ ಹೊಸ ವರ್ಷದ ಹಬ್ಬಕ್ಕೆ, ನಮ್ಮ ಉಡುಪಿಯ ಮನೆಯಲ್ಲಿ ಇಪ್ಪತ್ತು ಜನ ನೆಂಟರು ಉಂಡರು. ಯಾರಿಗೂ ಯಾವುದೂ ಕಮ್ಮಿಯಾಗಲಿಲ್ಲ, ಸಂಜೆ ಹಿತ್ತಿಲಿಗೆ ಚೆಲ್ಲಿದ್ದೂ ಏನಿಲ್ಲ. ಮೊದಲಿಗೆ ಪಟ್ಟಿ ನೋಡಿದ ದೊಡ್ಡಮ್ಮ, "ಎಂತ ಮಾರಾಯ್ತಿ, ಇಷ್ಟರಲ್ಲಿ ಹನ್ನೆರಡು ಜನರಿಗೂ ಸಾಕಾಗ್ಲಿಕ್ಕಿಲ್ಲ" ಅಂದಿದ್ದರು. ಅತ್ತಿಗೆಯಂತೂ ನನಗೆ ಗೊತ್ತಾಗದ ಹಾಗೆ ಎರಡು ತೆಂಗಿನಕಾಯಿ ಹೆಚ್ಚಿಗೆ ಸುಲಿಸಿಟ್ಟಿದ್ದರು. ಆ ಎರಡು ಕಾಯಿ ಹಾಗೆಯೇ ಉಳಿದಿವೆ. ಹಾಗಾಗಿ ನನ್ನ ಲೆಕ್ಕ ಏನು ಅಂತ ಬರೆಯುತ್ತಿದ್ದೇನೆ. ಅಡಿಗೆ ಹೇಗೆ ಮಾಡುವುದು ಅಂತ ನಿಮಗೆಲ್ಲ ಗೊತ್ತೇ ಉಂಟು, ಅದನ್ನು ಬಿಡುತ್ತೇನೆ.

ಹಿಂದೆ ನಮ್ಮಲ್ಲಿ ನಡೆಯುತ್ತಿದ್ದದ್ದು ಅಡಿಗೆಯವರ ಲೆಕ್ಕ. ಪರಿಚಯದ ಒಬ್ಬರು ನೂರು ಜನರ ಪಟ್ಟಿ ಕೊಟ್ಟಿದ್ದರು, ಅದನ್ನೇ ಐದರಿಂದ ಭಾಗಿಸುವುದು. ನೂರು ಜನರ ಊಟದಲ್ಲಿ ಹೆಚ್ಚು ಉಣ್ಣುವವರು, ಕಮ್ಮಿ ಉಣ್ಣುವವರು ಎಲ್ಲ ಸೇರಿ ಸರಾಸರಿ ತಾನಾಗಿಯೇ ಬರುತ್ತದೆ. ಇಪ್ಪತ್ತು ಜನರಲ್ಲಿ ಹಾಗಿಲ್ಲ. ಕಾಲೇಜಿಗೆ ಹೋಗುವ ಮೂರು ಹುಡುಗರು ಬಂದರೆ ಅನ್ನದ ಲೆಕ್ಕವೇ ಬೇರೆ, ಅವರ ಜಾಗದಲ್ಲಿ ಸಕ್ಕರೆ ಕಾಯಿಲೆಯ ಮೂರು ಜನ ಅಜ್ಜಂದಿರು ಬಂದರೆ ಪಾಯಸ ಅರ್ಧ ಪಾತ್ರೆ ಉಳಿಯಿತು ಅಂತಲೇ. ಅದಲ್ಲದೆ ಆ ಪಟ್ಟಿಯಲ್ಲಿ ಪ್ರತಿಯೊಂದು ಬಗೆಯೂ ಎಲ್ಲರೂ ಹೊಟ್ಟೆ ತುಂಬ ಉಣ್ಣುವಷ್ಟು ಇತ್ತು. ಹೊಟ್ಟೆ ಒಂದೇ ಅಲ್ವಾ. ಬಗೆ ಹೆಚ್ಚಾದ ಹಾಗೆ ಒಂದೊಂದರ ಪಾಲು ಕಮ್ಮಿಯಾಗಬೇಕು. ಆ ಪಟ್ಟಿಯಂತೆ ಮಾಡಿದ ವರ್ಷ ಏಪ್ರಿಲ್‌ನ ಸೆಕೆಗೆ ಸಂಜೆ ನಾಲ್ಕಕ್ಕೆಲ್ಲ ಕಾಯಿ ಅರೆದು ಮಾಡಿದ ಕೊದ್ದೆಲ್ ನೊರೆ ಬಂದು, ಒಂದು ದೊಡ್ಡ ಪಾತ್ರೆಯಷ್ಟು ತೆಂಗಿನ ಬುಡಕ್ಕೆ ಹೋಯಿತು. ಕಾಯಿ ಕೆಜಿಗೆ ಅರವತ್ತರ ಮೇಲೆ ಇದ್ದ ಕಾಲದಲ್ಲಿ ಅದನ್ನು ನೋಡಿ ಹೊಟ್ಟೆ ಉರಿಯಿತು.

ಹಾಗಾಗಿ ನಾನು ತಿರುಗಿಸಿ ಹಾಕಿದೆ. ಪಾತ್ರೆಯಿಂದ ಎಲೆಗೆ ಹೋಗುವುದಲ್ಲ, ಎಲೆಯಿಂದ ಪಾತ್ರೆಗೆ ಬರುವುದು. ಒಂದು ಭಾನುವಾರ ಅಡಿಗೆಮನೆಯ ತಕ್ಕಡಿಯ ಮೇಲೆ ಎಲೆ ಹಾಸಿ, ಸೊನ್ನೆ ಮಾಡಿ, ಗಂಡನಿಗೆ ಹಬ್ಬದ ಹಾಗೆಯೇ ಬಡಿಸಿದೆ. ಒಂದೊಂದು ಬಗೆ ಬಿದ್ದ ಹಾಗೆ ತೂಕ ಬರೆದುಕೊಂಡೆ, ಎರಡನೇ ಸಲ ಬಡಿಸಿದ್ದನ್ನೂ ಸೇರಿಸಿದೆ. ಮಜ್ಜಿಗೆ ಬಿಟ್ಟು ಒಟ್ಟು ಎಂಟೂವರೆ ನೂರು ಗ್ರಾಮಿನ ಆಸುಪಾಸು ಬಂತು. ಅದರಲ್ಲಿ ಅನ್ನ ಇನ್ನೂರ ಎಪ್ಪತ್ತು. ಸಾರಿಗೆ ಒಂದು ಸುತ್ತು, ಕೊದ್ದೆಲ್‌ಗೆ ಸ್ವಲ್ಪ ಸಣ್ಣ ಸುತ್ತು, ಮಜ್ಜಿಗೆಗೆ ಒಂದು ತುತ್ತಿನಷ್ಟು. ಸಾರು, ಕೊದ್ದೆಲ್, ಪಾಯಸ ತಲಾ ನೂರೈವತ್ತು, ಪಲ್ಯ ಅರವತ್ತು. ಸಾಸಿವೆ, ಕೋಸಂಬರಿ ಅದಕ್ಕಿಂತ ಕಮ್ಮಿ. ನಿಮ್ಮ ಮನೆಯವರಿಗೆ ಬೇರೆ ಬರಬಹುದು, ನನ್ನ ಅಂಕಿಯನ್ನೇ ನಂಬಬೇಡಿ, ಒಂದು ಸಲ ತೂಗಿ ನೋಡಿ.

ಆಮೇಲೆ ಜನರನ್ನು ಎಲೆಗೆ ಇಳಿಸುವುದು. ಎಂಟು ವರ್ಷದೊಳಗಿನ ಮಕ್ಕಳು ಅರ್ಧ ಎಲೆ, ಎಪ್ಪತ್ತು ದಾಟಿದವರು ಮುಕ್ಕಾಲು, ಕಾಲೇಜಿನ ಹುಡುಗರು ಒಂದೂವರೆ. ಈ ಸಲ ನಾಲ್ಕು ಮಕ್ಕಳು, ಐದು ಹಿರಿಯರು, ಮೂರು ಹುಡುಗರು, ಉಳಿದ ಎಂಟು ಮಂದಿ ಸಾಧಾರಣದವರು. ಕೂಡಿಸಿದರೆ ಹದಿನೆಂಟು ಎಲೆ ಚಿಲ್ಲರೆ. ಮನೆಯ ನಾಲ್ಕು ಜನ ಸೇರಿ ಇಪ್ಪತ್ತೆರಡು. ಇಪ್ಪತ್ತು ನೆಂಟರು ಅಂದಾಗ ಹೆಚ್ಚಿನವರು ಬಡಿಸುವವರ ಊಟವನ್ನು ಮರೆಯುತ್ತಾರೆ, ಕೊನೆಗೆ ಮನೆಯ ಹೆಂಗಸರಿಗೆ ಪಲ್ಯದ ತಳವೇ ಗತಿ. ನನ್ನ ಲೆಕ್ಕದಲ್ಲಿ ಅವರ ಎಲೆ ಮೊದಲೇ ಸೇರಿರುತ್ತದೆ.

ಅನ್ನ ನೋಡಿ. ನಮ್ಮಲ್ಲಿ ಹಬ್ಬಕ್ಕೆ ಬೆಳ್ತಿಗೆ. ಒಂದು ಕೆಜಿ ಅಕ್ಕಿ ನನ್ನ ಪಾತ್ರೆಯಲ್ಲಿ ಎರಡೂ ಮುಕ್ಕಾಲು ಕೆಜಿ ಅನ್ನ ಆಗುತ್ತದೆ. ಇಪ್ಪತ್ತೆರಡು ಎಲೆಗೆ ಸುಮಾರು ಆರು ಕೆಜಿ ಅನ್ನ, ಅಂದರೆ ಎರಡು ಕೆಜಿ ಇನ್ನೂರು ಗ್ರಾಂ ಅಕ್ಕಿ. ಹಿಂದೆ ಮೂರೂವರೆ ಹಾಕುತ್ತಿದ್ದೆವು. ಅದನ್ನೂ ನಾನು ಒಟ್ಟಿಗೆ ಬೇಯಿಸಲಿಲ್ಲ. ಒಂದು ಕೆಜಿ ಆರುನೂರು ಮೊದಲು, ಉಳಿದದ್ದನ್ನು ತೊಳೆದು ಕುಕ್ಕರಿನಲ್ಲಿ ನೀರು ಹಾಕಿ ಇಟ್ಟೆ. ಗ್ಯಾಸ್ ಹೊತ್ತಿಸಿದರೆ ಇಪ್ಪತ್ತು ನಿಮಿಷದ ಕೆಲಸ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕಮ್ಮಿಯಾದೀತು ಎಂಬ ಹೆದರಿಕೆಯಿಂದ ಪ್ರತಿ ಬಗೆಗೂ ಒಂದೊಂದು ಹಿಡಿ ಹೆಚ್ಚು ಹಾಕುತ್ತಾರೆ. ಹೆಚ್ಚಿಗೆ ಬೇಕಾದದ್ದು ಹಿಗ್ಗಿಸಲು ಬರುವ ಮೂರರಲ್ಲಿ ಮಾತ್ರ: ಅನ್ನ, ಸಾರು, ಮಜ್ಜಿಗೆ. ತಿಳಿಸಾರಿನ ಬೇಳೆಕಟ್ಟು ಎರಡು ಲೋಟದಷ್ಟು ಗಟ್ಟಿಯಾಗಿ ತೆಗೆದಿಟ್ಟು, ಪಕ್ಕದಲ್ಲಿ ನೀರು ಕುದಿಯುತ್ತಿದ್ದರೆ ಇನ್ನು ಐದು ಎಲೆಗೆ ಸಾರು ಕಾಲು ಗಂಟೆಯಲ್ಲಿ ಸಿದ್ಧ. ಹುಡಿ ಎಷ್ಟು, ಯಾವಾಗ ಅನ್ನುವುದು ನನ್ನ ಅಮ್ಮನ ಲೆಕ್ಕ, ಅದು ನಮ್ಮ ಮನೆಯಲ್ಲೇ ಇರಲಿ. ತೆಂಗಿನಕಾಯಿ ಅರೆದು ಹಾಕಿದ ಯಾವುದನ್ನೂ ಒಂದು ಸೌಟೂ ಹೆಚ್ಚು ಮಾಡಲಿಲ್ಲ. ಅದು ಹಿಗ್ಗುವುದಿಲ್ಲ, ಏಪ್ರಿಲ್‌ನಲ್ಲಿ ಉಳಿಯುವುದೂ ಇಲ್ಲ.

ಈಗ ಕೊದ್ದೆಲ್. ಮಟ್ಟುಗುಳ್ಳ ಬದನೆಯದ್ದು. ಗುಳ್ಳವನ್ನು ಕೆಜಿ ಲೆಕ್ಕದಲ್ಲಿ ತಂದರೆ ಕೈ ತಪ್ಪುತ್ತದೆ, ಹೋಳಿನ ಲೆಕ್ಕದಲ್ಲಿ ತರಬೇಕು. ಎಲೆಗೆ ಮೂರು ಹೋಳು, ಇಪ್ಪತ್ತೆರಡು ಎಲೆಗೆ ಅರವತ್ತಾರು. ಎರಡನೇ ಸುತ್ತಿನಲ್ಲಿ ಕೇಳುವವರಿಗೆ ಇಪ್ಪತ್ತು ಅಂದುಕೊಂಡರೆ ಎಂಬತ್ತಾರು. ನಡುಗಾತ್ರದ ಒಂದು ಗುಳ್ಳದಲ್ಲಿ ಎಂಟು ಹೋಳು ಬರುತ್ತದೆ, ಹನ್ನೊಂದು ಗುಳ್ಳ ಸಾಕು. ತೂಗಿದರೆ ಒಂದೂ ಮುಕ್ಕಾಲು ಕೆಜಿಯೊಳಗೆ. ದೊಡ್ಡ ಗುಳ್ಳ ಸಿಕ್ಕಿದರೆ ಸಂಖ್ಯೆ ಇಳಿಸಿ, ಹೋಳಿನ ಗಾತ್ರ ಹಿಗ್ಗಿಸಬೇಡಿ. ಮಟ್ಟುಗುಳ್ಳದ ಸಿಪ್ಪೆ ತೆಳು, ಎರಡನೇ ಸಲ ಬಿಸಿ ಮಾಡಿದರೆ ಹೋಳು ಕರಗಿ ಎಲೆಗೆ ಬರೀ ರಸ ಬೀಳುತ್ತದೆ. ಹಾಗಾಗಿ ರಸವನ್ನು ಕುದಿಸಿ ಇಟ್ಟು, ಬೆಂದ ಹೋಳನ್ನು ಪಂಕ್ತಿ ಕೂರುವ ಮುಂಚೆ ಅರ್ಧರ್ಧ ಸೇರಿಸಿದೆ. ಬೇಳೆ ಮುನ್ನೂರು ಗ್ರಾಂ, ಕಾಯಿ ಒಂದೂವರೆ.

ದುಡ್ಡು ನಿಜವಾಗಿ ಉಳಿದದ್ದು ಹಸಿ ಗೇರುಬೀಜದಲ್ಲಿ. ತೊಂಡೆಕಾಯಿ ಬೀಜದ ಪಲ್ಯ ಇಲ್ಲದೆ ನಮ್ಮಲ್ಲಿ ಬಿಸು ಇಲ್ಲ. ಬೀಜ ನೂರರ ಲೆಕ್ಕದಲ್ಲಿ ಸಿಗುತ್ತದೆ, ಈ ಸಲ ನಾನು ನೂರಕ್ಕೆ ಇನ್ನೂರರ ಮೇಲೆ ಏನೋ ಕೊಟ್ಟ ನೆನಪು. ಅತ್ತಿಗೆ ಮುನ್ನೂರು ಬೀಜ ತರಬೇಕು ಅಂದರು. ನಾನು ಎಲೆಯ ಮೇಲೆ ಇಟ್ಟು ನೋಡಿದೆ. ಅರವತ್ತು ಗ್ರಾಂ ಪಲ್ಯದಲ್ಲಿ ಆರು ಎಸಳು ಕಂಡರೆ ಎಲೆ ತುಂಬಿದ ಹಾಗೆ ಕಾಣುತ್ತದೆ. ಆರು ಎಸಳು ಅಂದರೆ ಮೂರು ಬೀಜ. ಇಪ್ಪತ್ತೆರಡು ಎಲೆಗೆ ಅರವತ್ತಾರು, ಉಳಿದದ್ದು ಎರಡನೇ ಸುತ್ತಿಗೆ. ನೂರು ಬೀಜ ತಂದೆ, ತೊಂಡೆಕಾಯಿ ಒಂದೂವರೆ ಕೆಜಿ. ಬೀಜವನ್ನು ಬೇರೆಯಾಗಿ ಬೇಯಿಸಿ ಕೊನೆಗೆ ಬೆರೆಸಿದ್ದರಿಂದ ಎಸಳು ಮುರಿಯಲಿಲ್ಲ, ಲೆಕ್ಕ ತಪ್ಪಲಿಲ್ಲ. ಬಡಿಸುವಾಗ ಎಲ್ಲ ಎಲೆಗೂ ಸಮ ಬೀಳಲು ಒಂದು ಉಪಾಯ ಉಂಟು, ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿದ್ದೆ. ಹೋದ ಚೌತಿಗೆ ಸಾರನ್ನು ಎಲೆಗೆ ಹಾಕದೆ ಪ್ರತಿಯೊಬ್ಬರಿಗೂ ಬಟ್ಟಲಲ್ಲಿ ಕೊಟ್ಟೆ. ಸಾರು ಹತ್ತಿರ ಹತ್ತಿರ ಎರಡು ಪಾಲು ಖರ್ಚಾಯಿತು, ಅನ್ನ ಇಳಿಯಿತು. ಎಲೆಯ ಮೇಲೆ ಸಾರು ಓಡದ ಹಾಗೆ ತಡೆಯಲಿಕ್ಕೆಂದೇ ನಾವು ಹೆಚ್ಚು ಅನ್ನ ಹಾಕಿಸಿಕೊಳ್ಳುತ್ತೇವೆ ಅಂತ ಆಗ ಗೊತ್ತಾಯಿತು. ಈ ಸಲ ಬಂದ ಕೂಡಲೇ ದೊಡ್ಡ ಲೋಟದಲ್ಲಿ ಪುನರ್ಪುಳಿ ಶರಬತ್ತು ಕೊಟ್ಟೆ. ಅದರಿಂದ ಊಟ ಕಮ್ಮಿಯಾಗಲಿಲ್ಲ, ಕೊನೆಯ ಮಜ್ಜಿಗೆ ಮಾತ್ರ ಒಂದು ಲೀಟರಿನಷ್ಟು ಉಳಿಯಿತು. ಅದನ್ನೇ ರಾತ್ರಿ ನೀರುಮಜ್ಜಿಗೆ ಮಾಡಿದೆವು. ಉಂಡ ಎಲೆಯಲ್ಲಿ ಏನು ಉಳಿದಿದೆ ಅಂತಲೂ ಎತ್ತುವಾಗ ನೋಡಿದೆ. ಕಾಟುಮಾವಿನ ಸಾಸಿವೆಯನ್ನು ಹಿರಿಯರು ಗೊರಟು ಚೀಪಿ ಮುಗಿಸಿದ್ದರು, ಮಕ್ಕಳ ಎಲೆಯಲ್ಲಿ ಹಣ್ಣು ಇಟ್ಟಲ್ಲೇ ಇತ್ತು. ಮುಂದಿನ ಸಲ ಮಕ್ಕಳಿಗೆ ಅರ್ಧ ಹಣ್ಣೂ ಇಲ್ಲ, ಬರೀ ರಸ.

ಹಬ್ಬದ ದಿನ ಎರಡು ಪಂಕ್ತಿ. ಇಲ್ಲಿ ನನ್ನ ಲೆಕ್ಕಕ್ಕೆ ಪರೀಕ್ಷೆ ಇತ್ತು. ಬೆಳಿಗ್ಗೆಯೇ ಕೊದ್ದೆಲ್ ಪಾತ್ರೆಗೂ ಪಾಯಸದ ಪಾತ್ರೆಗೂ ಮರದ ಸೌಟು ನೇರವಾಗಿ ಇಳಿಸಿ, ತುಂಬಿದ ಮಟ್ಟ ಮತ್ತು ಅದರ ಅರ್ಧಕ್ಕೆ ದಾರ ಕಟ್ಟಿದ್ದೆ. ಮೊದಲ ಪಂಕ್ತಿಗೆ ಹನ್ನೊಂದು ಎಲೆಯಷ್ಟು ಜನ ಕೂರುವ ಹಾಗೆ ನೋಡಿಕೊಂಡೆ, ಹುಡುಗರಲ್ಲಿ ಇಬ್ಬರು ಇದರಲ್ಲಿ, ಒಬ್ಬ ಎರಡನೆಯದರಲ್ಲಿ. ಪಂಕ್ತಿ ಎದ್ದ ಮೇಲೆ ಸೌಟು ಇಳಿಸಿದರೆ ಕೊದ್ದೆಲ್ ದಾರಕ್ಕೆ ಸರಿಯಾಗಿ ನಿಂತಿತ್ತು. ಪಾಯಸ ದಾರಕ್ಕಿಂತ ಎರಡು ಬೆರಳು ಕೆಳಗೆ. ಹೆಸರುಬೇಳೆ ನಾನೂರು ಗ್ರಾಮಿನದ್ದು, ಮೂರು ಕಾಯಿಯ ಹಾಲು. ಎರಡನೇ ಹಾಲಿನಲ್ಲಿ ಒಂದು ಪಾವಿನಷ್ಟನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೆ, ಅದನ್ನೂ ಸ್ವಲ್ಪ ಬೆಲ್ಲವನ್ನೂ ಸೇರಿಸಿ ಒಂದು ಕುದಿ ಬರಿಸಿದೆ, ಮಟ್ಟ ಸರಿಹೋಯಿತು. ಪಾತ್ರೆ ನೋಡುತ್ತ ನಿಂತಿದ್ದ ದೊಡ್ಡಮ್ಮ ಅಲ್ಲಿಂದ ಮಾತಾಡಲಿಲ್ಲ. ಎರಡನೇ ಪಂಕ್ತಿಗೆ ಕುಕ್ಕರಿನ ಅಕ್ಕಿಗೆ ಬೆಂಕಿ ಹಚ್ಚಿದೆ, ಅದರಲ್ಲಿ ರಾತ್ರಿಗೆ ಇಬ್ಬರ ಊಟದಷ್ಟು ಉಳಿಯಿತು.

ಖರ್ಚು ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ, ಬಾಳೆಎಲೆಯೂ ಸೇರಿ. ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಕಣಿಗೆ ಇಟ್ಟ ಸೌತೆ, ಕಾಯಿ, ಮಾವು ಇವನ್ನು ಅದೇ ಅಡಿಗೆಗೆ ಬಳಸಿದ್ದರಿಂದ ಅಷ್ಟು ಬೇರೆ ತರುವುದು ತಪ್ಪಿತು. ತೆಂಗಿನಕಾಯಿ ಹಿಂದೆಲ್ಲ ಹತ್ತು ಹನ್ನೊಂದು ಹೋಗುತ್ತಿತ್ತು, ಈಗ ಏಳರಲ್ಲಿ ಮುಗಿಯಿತು. ಹೊರಗೆ ಹೇಳಿ ತರಿಸಿದ್ದರೆ ತಲೆಗೆ ಇನ್ನೂರೈವತ್ತು ಅಂತ ಹಿಡಿದರೂ ಇಪ್ಪತ್ತನಾಲ್ಕು ಜನರಿಗೆ ಆರು ಸಾವಿರ ಆಗುತ್ತಿತ್ತು, ಅದರಲ್ಲಿ ಹಸಿ ಬೀಜ ಹುಡುಕಿದರೂ ಸಿಗುತ್ತಿರಲಿಲ್ಲ.

ಈ ಲೆಕ್ಕ ನಲವತ್ತು ಎಲೆ ದಾಟಿದರೆ ನಡೆಯುವುದಿಲ್ಲ ಅಂತ ನನ್ನ ಅಂದಾಜು. ಒಂದು ಒಲೆಯಲ್ಲಿ ಅನ್ನವನ್ನು ಎರಡು ಕಂತಿನಲ್ಲಿ ಮಾಡಲು ಆಗ ಸಮಯ ಸಿಗದು, ಬಡಿಸುವವರ ಕೈಯ ಅಳತೆಯೂ ಒಬ್ಬೊಬ್ಬರದ್ದು ಒಂದೊಂದು ಆಗುತ್ತದೆ. ಚೌತಿಗೆ ಇದನ್ನೇ ಹಾಗೆಯೇ ತೆಗೆದುಕೊಂಡು ಹೋಗಲೂ ಬರುವುದಿಲ್ಲ. ಆಗ ಮಳೆ, ಜನ ಮಜ್ಜಿಗೆ ಕೇಳುವುದು ಕಮ್ಮಿ, ಬಿಸಿ ಸಾರು ಹೆಚ್ಚು ಕೇಳುತ್ತಾರೆ. ಕಡುಬು ಇದ್ದರೆ ಅನ್ನ ಎಲೆಗೆ ಇನ್ನೂರಕ್ಕೆ ಇಳಿಯುತ್ತದೆ. ಅದಕ್ಕೆ ಇನ್ನೊಂದು ಸಲ ತಕ್ಕಡಿಯ ಮೇಲೆ ಎಲೆ ಹಾಸಬೇಕು.