ಏಳು ಗಂಟೆ ಕಳೆದುಕೊಂಡರೂ ನಿದ್ದೆ ಉಳಿಸಿಕೊಂಡ ಕಥೆ

ರಜೆಗೆ ತೀರ್ಥಹಳ್ಳಿಗೆ ಬಂದಿದ್ದೇನೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದೆ, ನನಗೆ ಪುರುಸೊತ್ತಿದೆ. ಹಡಗಿನಲ್ಲಿ ಯಾರೂ ನಂಬದೇ ಇದ್ದ ನನ್ನ ಗಡಿಯಾರದ ಲೆಕ್ಕವನ್ನು ಬರೆದಿಡೋಣ ಅನ್ನಿಸಿತು.

ಜನವರಿಯಲ್ಲಿ ಯೋಕೋಹಾಮಾದಿಂದ ಲಾಂಗ್ ಬೀಚಿಗೆ ಹೊರಟಿದ್ದ ಬಲ್ಕ್ ಹಡಗು. ನಾನು ಸೆಕೆಂಡ್ ಮೇಟ್. ಹತ್ತಿರ ಹತ್ತಿರ 4,800 ನಾಟಿಕಲ್ ಮೈಲಿ, 14 ನಾಟ್ ವೇಗ, ಹದಿನಾಲ್ಕು ಹದಿನೈದು ದಿನದ ದಾರಿ. ಸ್ಥಳೀಯ ಸಮಯಕ್ಕೆ ಎಷ್ಟು ಗಂಟೆ ಕೂಡಿದರೆ ಅಥವಾ ಕಳೆದರೆ ಗ್ರೀನ್‌ವಿಚ್ ಸಮಯ ಬರುತ್ತದೋ ಅದೇ ಹಡಗಿನ ಲೆಕ್ಕದಲ್ಲಿ ವಲಯದ ಸಂಖ್ಯೆ: ಜಪಾನ್ ವಲಯ ಮೈನಸ್ 9, ಲಾಂಗ್ ಬೀಚ್ ಚಳಿಗಾಲದಲ್ಲಿ ಪ್ಲಸ್ 8. ಪೂರ್ವಕ್ಕೆ ಹೋಗುವಾಗ ವಲಯ ದಾಟಿದಂತೆಲ್ಲ ಗಡಿಯಾರವನ್ನು ಒಂದೊಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಮೊದಲು ಮೈನಸ್ 12ರವರೆಗೆ ಮೂರು ಸಲ ಮುಂದಕ್ಕೆ. ದಿನಾಂಕ ರೇಖೆಯಲ್ಲಿ ಗಡಿಯಾರ ಮುಟ್ಟುವ ಹಾಗಿಲ್ಲ, ತಾರೀಖು ಮಾತ್ರ ಎರಡು ಸಲ. ಆಮೇಲೆ ಪ್ಲಸ್ 12ರಿಂದ 8ಕ್ಕೆ ನಾಲ್ಕು ಸಲ. ಒಟ್ಟು ಏಳು ಗಂಟೆ ಹೋಯಿತು.

ಒಂದು ವಲಯ ಅಂದರೆ 15 ಡಿಗ್ರಿ ರೇಖಾಂಶ ಅಂತ ನಮಗೆಲ್ಲ ಗೊತ್ತು. ಆದರೆ ಸಮಭಾಜಕದಲ್ಲಿ ಅದು 900 ಮೈಲಿ, 45 ಡಿಗ್ರಿ ಉತ್ತರದಲ್ಲಿ ಬರೀ 640. ಅತಿ ಹತ್ತಿರದ ದಾರಿಯಾದ ಗ್ರೇಟ್ ಸರ್ಕಲ್ ಹಿಡಿದು ಉತ್ತರಕ್ಕೆ ಹೋದರೆ ಎರಡು ದಿನಕ್ಕೊಂದು ಗಂಟೆ ಜಾರುತ್ತದೆ.

ನಮ್ಮ ಹಡಗಿನ ರೂಢಿ ರಾತ್ರಿ 2ಕ್ಕೆ 3 ಮಾಡುವುದು. ನನಗೇನು, ನನ್ನ ಪಾಳಿ, ಅಂದರೆ 12-4 ವಾಚು, ಮೂರೇ ಗಂಟೆಯಲ್ಲಿ ಮುಗಿಯುತ್ತಿತ್ತು. ಪೆಟ್ಟು ಬಿದ್ದದ್ದು ಮಲಗಿದ್ದವರಿಗೆ. ನಿಯಮದ ಪ್ರಕಾರ ದಿನಕ್ಕೆ 10 ಗಂಟೆ ವಿಶ್ರಾಂತಿ ಕಾಗದದಲ್ಲಿ ಸರಿಯಾಗೇ ಇರುತ್ತಿತ್ತು. ಆದರೆ 4ಕ್ಕೆ ವಾಚಿಗೆ ಬರಬೇಕಾದ ನಾವಿಕನನ್ನು, ನಮ್ಮ ಮಾತಿನಲ್ಲಿ ಎಬಿಯನ್ನು, ಮೂರು ಸಲ ಫೋನ್ ಮಾಡಿ ಎಬ್ಬಿಸಬೇಕಿತ್ತು. ಬಂದವನು ಕಾಫಿ ಹಿಡಿದು ಕಿಟಕಿಗೆ ಒರಗಿ ನಿಂತರೆ ಎಚ್ಚರ ಇದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ.

"ಹಗಲು ತಿರುಗಿಸೋಣ" ಅಂದೆ. ಕ್ಯಾಪ್ಟನ್ ನಕ್ಕರು. ಹಗಲು ಕೆಲಸದ ಹತ್ತು ಜನ, ಏಳು ಗಂಟೆ, 70 ಗಂಟೆ ಕೆಲಸ ಯಾರಪ್ಪನ ಮನೆಯದು ಅಂತ. ಓವರ್‌ಟೈಮ್ ನಮ್ಮಲ್ಲಿ ತಿಂಗಳಿಗೆ 103 ಗಂಟೆ ಅಂತ ಮೊದಲೇ ಕಟ್ಟಿಟ್ಟದ್ದು, ಕಂಪನಿಗೆ ಒಂದು ಡಾಲರೂ ಜಾಸ್ತಿ ಬೀಳುವುದಿಲ್ಲ ಅಂತ ತೋರಿಸಿದೆ. ಚೀಫ್ ಮೇಟ್ ಆಗಲೂ ಒಪ್ಪದೆ ತಲೆ ಅಲ್ಲಾಡಿಸಿದರು.

ಆದರೂ ಮೊದಲ ಸಲ ಮಧ್ಯಾಹ್ನ 12ಕ್ಕೆ 1 ಮಾಡಿ ನೋಡಿದೆ. ಪೂರ್ತಿ ಎಡವಟ್ಟು. ಊಟದ ಹೊತ್ತೇ ಮಾಯ. ಮರುದಿನ ಮಧ್ಯಾಹ್ನ, ಹಡಗಿನ ದಿನದ ಓಟ ತಿಳಿಸುವ ನೂನ್ ರಿಪೋರ್ಟ್ ಬರೆಯುವ ಗಡಿಬಿಡಿಯಲ್ಲಿ 322 ಮೈಲಿಯನ್ನು ರೂಢಿಯಂತೆ 24ರಿಂದ ಭಾಗಿಸಿ ವೇಗ 13.4 ಅಂತ ಕಳಿಸಿಬಿಟ್ಟೆ. ಓಡಿದ್ದು 23 ಗಂಟೆ, ನಿಜವಾದ ವೇಗ 14. ಹಡಗನ್ನು ಬಾಡಿಗೆಗೆ ಹಿಡಿದವರು ಇಂಥದ್ದಕ್ಕೇ ಕಾದಿರುತ್ತಾರೆ. ಏಳೂ ದಿನ ಹಾಗೇ ಹೋಗಿದ್ದರೆ ಕಾಗದದ ಮೇಲೆ ಏಳು ಗಂಟೆ ತಡ. ದಿನಕ್ಕೆ 15,000 ಡಾಲರ್ ಬಾಡಿಗೆ ಅಂದುಕೊಂಡರೂ ನಾಲ್ಕು ಸಾವಿರದ ಮೇಲೆ ಕ್ಲೇಮ್ ಬರುತ್ತಿತ್ತು. ಅದರ ಮರುದಿನವೇ ಸಿಕ್ಕಿಬಿದ್ದೆ, ಬೈಸಿಕೊಂಡೆ, ತಿದ್ದಿ ಕಳಿಸಿದೆ.

ಎರಡನೇ ಸಲದಿಂದ ಸಂಜೆ 4ಕ್ಕೆ 5 ಮಾಡಿದೆವು. ಹಗಲು ಕೆಲಸದವರು ಸೀದಾ ಕೆಲಸ ಬಿಟ್ಟರು, ರಾತ್ರಿಯ ನಿದ್ದೆ ಪೂರ್ತಿ ಉಳಿಯಿತು. ಗೋಳು ಬಂದದ್ದು ಅಡುಗೆಮನೆಯಿಂದ. ಒಂದು ಗಂಟೆ ಮುಂಚೆ ಊಟ ಬಂದರೆ ಹಸಿವೆಲ್ಲಿ? ಅನ್ನ ಉಳಿಯಿತು, ಕುಕ್ ಪಾತ್ರೆ ಕುಕ್ಕಿದ. ಅಲ್ಲಿನ ಗಡಿಯಾರ ಸೆಲ್ ಹಾಕಿದ್ದು, ಬ್ರಿಡ್ಜಿನ ಮಾಸ್ಟರ್ ಕ್ಲಾಕ್ ತಿರುಗಿಸಿದರೆ ತಿರುಗುವುದಿಲ್ಲ, ಅದನ್ನೂ ಮರೆತಿದ್ದೆ. ಆ ದಿನಗಳಲ್ಲಿ ಮೂರರ ಟೀ ಜೊತೆಗಿನ ತಿಂಡಿ ನಿಲ್ಲಿಸಿದ ಮೇಲೆ ಸರಿಯಾಯಿತು. ಕುಕ್‌ನನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಎರಡು ಸಲ ಬರುವ ದಿನ ಭಾನುವಾರವೇ ಆಗುವಂತೆ ಮಾಡಿದ್ದು ಹೇಗೆ ಅನ್ನುವುದೂ. ಒಂದೇ ಮಾತು ಹೇಳುತ್ತೇನೆ, ಹಡಗಿನ ಲಾಗ್ ಪುಸ್ತಕದಲ್ಲಿ ತಾರೀಖಿನ ಪಕ್ಕ ವಿಶ್ವ ಸಮಯ ಯುಟಿಸಿ ಬರೆಯದಿದ್ದರೆ ಎರಡು ಭಾನುವಾರ ಕಲಸಿಹೋಗುತ್ತವೆ.

ಕೊನೆಯ ವಾರ ಆ ಎಬಿ ಒಂದೇ ಫೋನಿಗೆ ಮೇಲೆ ಬಂದ. ಚೀಫ್ ಮೇಟ್ ಏನೂ ಹೇಳಲಿಲ್ಲ, ಆದರೆ ಮುಂದಿನ ಗಡಿಯಾರ ಯಾವತ್ತು ಅಂತ ಅವರೇ ಕೇಳಿದರು!

ಇದನ್ನೆಲ್ಲ ಅಪ್ಪನಿಗೆ ಹೇಳಿದರೆ, "ಗಡಿಯಾರ ತಿರುಗಿಸಿದ್ರೆ ಹೊತ್ತು ತಿರುಗ್ತದಾ ಮಾರಾಯ?" ಅಂದರು. ಸುಮ್ನೆ ಅಂಗಳದಲ್ಲಿ ಕೋಲು ನೆಟ್ಟೆ. ಫೆಬ್ರವರಿಯ ನೆರಳು ಅತಿ ಗಿಡ್ಡವಾಗಿದ್ದು ಹನ್ನೆರಡೂ ಮುಕ್ಕಾಲಿನ ಹತ್ತಿರ. ನಮ್ಮೂರು ಸುಮಾರು 75 ಡಿಗ್ರಿ ಪೂರ್ವ ರೇಖಾಂಶ, ದೇಶದ ಸಮಯ 82.5ರದ್ದು, ಅರ್ಧ ಗಂಟೆ ಅಲ್ಲೇ ಹೋಯಿತು. ಉಳಿದದ್ದು ಫೆಬ್ರವರಿಯ ಸೂರ್ಯನ ನಿಧಾನ. ಹಡಗಿನ ಲೆಕ್ಕದಲ್ಲಿ ತೀರ್ಥಹಳ್ಳಿ ಮೈನಸ್ 5ರ ವಲಯ, ನಾವು ಬದುಕುವುದು ಐದೂವರೆಯಲ್ಲಿ.

ಪಶ್ಚಿಮಕ್ಕೆ ಹೋಗುವಾಗ ಈ ಸಂಜೆ ನಾಲ್ಕರ ಆಟ ಬೇಡ. ಆಗ ಗಂಟೆ ಸಿಗುತ್ತದೆ, ರಾತ್ರಿಯೇ ತಗೊಳ್ಳಿ. ಆದರೆ ಇಡೀ ಗಂಟೆಯನ್ನು 12-4ರವನ ತಲೆಗೆ ಕಟ್ಟಿದರೆ ಅವನು ಐದು ಗಂಟೆ ನಿಲ್ಲಬೇಕು. 8-12, 12-4, 4-8 ಮೂರು ವಾಚಿಗೂ ಇಪ್ಪತ್ತಿಪ್ಪತ್ತು ನಿಮಿಷ ಹಂಚಿ.