ಕಣ್ಣು ಕಾಣದವರಿಗೆ ವಿಡಿಯೊ: ಐದು ಸೆಕೆಂಡಿನಲ್ಲಿ ಏನು ಹೇಳಬೇಕು?

ದೃಷ್ಟಿ ಇಲ್ಲದವರಿಗಾಗಿ ಕಿರುಚಿತ್ರಕ್ಕೆ ವಿವರಣೆ ಸೇರಿಸಲು ಹೊರಟವರು ಹೆಚ್ಚಾಗಿ ಕ್ರಿಕೆಟ್ ಕಾಮೆಂಟರಿಯ ಹಾಗೆ ಮಾತಾಡುತ್ತಲೇ ಹೋಗುತ್ತಾರೆ. ಗೋಡೆಯ ಬಣ್ಣ, ಸೀರೆಯ ಅಂಚು, ಕಿಟಕಿಯ ಪರದೆ, ಒಂದನ್ನೂ ಬಿಡುವುದಿಲ್ಲ. ಕೇಳುವವರಿಗೆ ಪಾತ್ರಗಳ ಮಾತೂ ಸಿಗುವುದಿಲ್ಲ, ಕಥೆಯೂ ಸಿಗುವುದಿಲ್ಲ. ಆಡಿಯೊ ಡಿಸ್ಕ್ರಿಪ್ಷನ್ ಅನ್ನುವ ಈ ವಿವರಣೆಯಲ್ಲಿ ನಮಗೆ ಸಿಗುವುದು ಮಾತುಗಳ ನಡುವಿನ ಖಾಲಿ ಜಾಗ ಮಾತ್ರ. ಅಲ್ಲಿ ಕಿವಿಗೆ ಗೊತ್ತಾಗದ್ದನ್ನಷ್ಟೇ ಹೇಳಬೇಕು.

ಆದ್ದರಿಂದ ಮೊದಲು ವಿಡಿಯೊ ನೋಡಬೇಡಿ. ಪರದೆಗೆ ಬೆನ್ನು ಹಾಕಿ ಕೂತು ಕೇಳಿ. ಎಲ್ಲಿ ‘ಈಗ ಏನಾಯ್ತು?’ ಅನ್ನಿಸಿತೋ ಅಲ್ಲಿಯ ಸಮಯ ಬರೆದುಕೊಳ್ಳಿ. ಆಮೇಲೆ ನೋಡಿ, ಪ್ರತಿ ಖಾಲಿ ಜಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗುರುತು ಹಾಕಿ.

ಇನ್ನು ಬರೆಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಹೀಗೊಂದು ದೃಶ್ಯ ಇದೆ ಅಂದುಕೊಳ್ಳಿ. ಸುಮಾ ಅಡುಗೆಮನೆಯಲ್ಲಿ ಚಿನ್ನ ಅಡವಿಟ್ಟ ರಸೀದಿ ಹಿಡಿದು ನಿಂತಿದ್ದಾಳೆ. ಬಾಗಿಲು ಬಡಿದ ಸದ್ದು. ಐದು ಸೆಕೆಂಡು ಬಿಟ್ಟು ಒಳಗಿನಿಂದ ಅತ್ತೆ, ‘ಯಾರೇ ಅದು?’ ಅನ್ನುತ್ತಾರೆ. ಅಷ್ಟರಲ್ಲಿ ಸುಮಾ ರಸೀದಿಯನ್ನು ಸಕ್ಕರೆ ಡಬ್ಬಿಗೆ ಹಾಕಿ ಮುಚ್ಚುತ್ತಾಳೆ. ಹೊಸಬರು ಬರೆಯುವುದು ಹೀಗೆ: ‘ಬಾಗಿಲು ಬಡಿದ ಸದ್ದು ಕೇಳಿ ಗಾಬರಿಯಾದ, ನೀಲಿ ಸೀರೆ ಉಟ್ಟಿರುವ ಸುಮಾ, ತನ್ನ ತಪ್ಪು ಅತ್ತೆಗೆ ಗೊತ್ತಾಗಬಾರದೆಂದು ರಸೀದಿಯನ್ನು ಬಚ್ಚಿಡುತ್ತಾಳೆ.’

ಒಂದೊಂದಾಗಿ ತೆಗೆಯೋಣ. ಬಾಗಿಲು ಬಡಿದದ್ದು ಕೇಳುವವರ ಕಿವಿಗೇ ಬಿದ್ದಿದೆ. ಸೀರೆಯ ಬಣ್ಣದಿಂದ ಈ ಕಥೆಯಲ್ಲಿ ಏನೂ ಆಗಬೇಕಿಲ್ಲ. ‘ತಪ್ಪು’ ಅನ್ನುವುದು ಬರೆದವರ ತೀರ್ಪು, ಪರದೆಯ ಮೇಲೆ ಅದಿಲ್ಲ. ಬೇಕಾದ ವಿಷಯವೇ ಬಿಟ್ಟುಹೋಗಿದೆ: ಬಚ್ಚಿಟ್ಟದ್ದು ಎಲ್ಲಿ?

ನಿಧಾನವಾಗಿ ಓದಿದರೆ ಸೆಕೆಂಡಿಗೆ ಎರಡು ಪದ ಅಂತ ಲೆಕ್ಕ ಇಟ್ಟುಕೊಳ್ಳಿ. ‘ಸುಮಾ ರಸೀದಿ ಮಡಚಿ, ಸಕ್ಕರೆ ಡಬ್ಬಿಯೊಳಗೆ ತುರುಕುತ್ತಾಳೆ.’ ಆರು ಪದ, ಮೂರು ಸೆಕೆಂಡು. ಗಾಬರಿ ಅಂತ ಹೇಳಬೇಕಾಗಿಯೇ ಇಲ್ಲ, ‘ತುರುಕುತ್ತಾಳೆ’ ಅಂದಾಗಲೇ ಅದು ಬಂತು. ಉಳಿದ ಎರಡು ಸೆಕೆಂಡನ್ನು ತುಂಬಲು ಹೋಗಬೇಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯದ ಬಾಲ ಅತ್ತೆಯ ಮಾತಿಗೆ ಡಿಕ್ಕಿ ಹೊಡೆದರೆ, ಅವಳು ರಸೀದಿಯನ್ನು ಏನು ಮಾಡಿದಳು ಅನ್ನುವುದೇ ಹೋಗುತ್ತದೆ.

ಮುಂದೆ ಅತ್ತೆ ಟೀ ಮಾಡಲು ಬಂದು ಆ ಡಬ್ಬಿ ತೆಗೆಯುತ್ತಾರೆ. ಅಲ್ಲಿ ಅವರು ಒಲೆಯ ಹತ್ತಿರ ಬಂದರು ಅಂತ ಮೊದಲೇ ಹೇಳಿ ಸುಮ್ಮನಾಗಿ. ಮುಚ್ಚಳದ ಠಣ್ ಸದ್ದೇ ಸಾಕು, ಮೊದಲಿನ ವಾಕ್ಯ ಸರಿ ಇದ್ದರೆ ಕೇಳುವವರ ಎದೆ ಧಸಕ್ಕೆನ್ನುತ್ತದೆ.

ಕ್ಯಾಮೆರಾ ಇನ್ನೂ ತೋರಿಸದ್ದನ್ನು ನೀವು ಮುಂಚೆ ಹೇಳಬಾರದು. ಮೊದಲ ದೃಶ್ಯದಲ್ಲಿ ಕಂಡದ್ದು ಮಡಚಿದ ಕಾಗದ ಅಷ್ಟೇ ಆಗಿದ್ದರೆ ‘ಚೀಟಿ’ ಅನ್ನಿ, ರಸೀದಿ ಅನ್ನಬೇಡಿ. ಪಾತ್ರದ ಹೆಸರು ಗೊತ್ತಾಗುವ ಮುಂಚೆ ‘ಗಡ್ಡದ ಯುವಕ’ ಅಂದರೆ ಸಾಕು. ಹಾಗಂತ ಅತಿಯೂ ಬೇಡ. ಅವಳು ನಕ್ಕರೆ ‘ನಗುತ್ತಾಳೆ’ ಅನ್ನಿ, ತುಟಿ ಅರಳಿಸಿ ಹಲ್ಲು ತೋರಿಸುತ್ತಾಳೆ ಅಂತೆಲ್ಲ ಯಾಕೆ? ಬಣ್ಣ ಹೇಳಲೇಬಾರದು ಅನ್ನುವವರೂ ಇದ್ದಾರೆ. ಅದು ಸರಿಯಲ್ಲ. ದೃಷ್ಟಿ ಆಮೇಲೆ ಕಳೆದುಕೊಂಡವರು ಎಷ್ಟೋ ಜನ. ಕಥೆಗೆ ಬೇಕಿದ್ದರೆ ಹೇಳಿ.

‘ಬಾಗಿಲು ತೆಗೆಯುತ್ತಾಳೆ’ ಅಂದರೆ ಹೆಂಗಸು ಅಂತ ತಿಳಿಯುತ್ತದೆ, ಒಂದು ಪದ ಉಳಿಯಿತು. ಆದರೆ ಸುಮಾ ಜೊತೆ ಅವಳ ನಾದಿನಿಯೂ ಇದ್ದರೆ ಹೆಸರು ಹೇಳಲೇಬೇಕು. ಮೊಬೈಲ್ ಮೆಸೇಜು, ‘ಮೂರು ವರ್ಷಗಳ ನಂತರ’ ಅನ್ನುವ ಬರಹ, ಇವನ್ನು ಇದ್ದ ಹಾಗೇ ಓದಿ. ಜಾಗವೇ ಸಿಗದಿದ್ದರೆ ವಿಡಿಯೊವನ್ನು ಒಂದು ಕ್ಷಣ ನಿಲ್ಲಿಸಿ ಹೇಳಬಹುದು. ಪಾಠದ ವಿಡಿಯೊಗೆ ಇದು ನಡೆಯುತ್ತದೆ, ಕಥೆಗೆ ನನಗೆ ಇಷ್ಟವಿಲ್ಲ.

ಧ್ವನಿ ಕೊಡುವುದು ಸುಲಭ. ಫ್ಯಾನ್ ಆಫ್ ಮಾಡಿ, ನಾಟಕ ಮಾಡದೆ ಓದಿ. ಇಯರ್‌ಫೋನಿನ ಮೈಕ್ ಬೇಡ, ಉಸಿರೇ ಜಾಸ್ತಿ ಕೇಳುತ್ತದೆ. ಸಮಯ ಉಳಿಸಲು, ಬರೆದದ್ದನ್ನು ಕಂಪ್ಯೂಟರೇ ಓದುವ ಟೆಕ್ಸ್ಟ್-ಟು-ಸ್ಪೀಚ್ ಹಾಕುವವರು ಊರು, ಮನುಷ್ಯರ ಹೆಸರುಗಳನ್ನಾದರೂ ಒಮ್ಮೆ ಕೇಳಿ ನೋಡಿ. ವಿವರಣೆ ಬರುವಾಗ ಹಿನ್ನೆಲೆ ಸಂಗೀತ ತಗ್ಗಬೇಕು. ಆಡಾಸಿಟಿ ಅನ್ನುವ ಧ್ವನಿ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ Auto Duck ಅನ್ನುವ ಎಫೆಕ್ಟ್ ಅದನ್ನು ತಾನೇ ಮಾಡುತ್ತದೆ.

ಕೊನೆಗೆ, ಕಣ್ಣು ಕಾಣದ ಒಬ್ಬರಿಗೆ ಕೇಳಿಸಿ. ‘ಚೆನ್ನಾಗಿದೆಯಾ?’ ಅಂದರೆ ಪಾಪ, ಸಂಕೋಚಕ್ಕೆ ಹೌದು ಅನ್ನುತ್ತಾರೆ. ‘ರಸೀದಿ ಈಗ ಎಲ್ಲಿದೆ?’ ಅಂತ ಕೇಳಿ. ಉತ್ತರ ಬರದಿದ್ದರೆ ಆ ವಾಕ್ಯ ತಿದ್ದಿ. ಆಮೇಲೆ ವಿಡಿಯೊ ಹಾಕುವಾಗ ಶೀರ್ಷಿಕೆಯಲ್ಲೇ ‘ಆಡಿಯೊ ವಿವರಣೆ ಸಹಿತ’ ಅಂತ ಸೇರಿಸಿ. ಇಲ್ಲದಿದ್ದರೆ ಬೇಕಾದವರು ಹುಡುಕಿದರೂ ಅದು ಸಿಗುವುದಿಲ್ಲ.